ಫ್ರಿಜ್, ಏಸಿ ಮಾರಾಟಕ್ಕೆ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾರವಾರದ ಗುಂಪಿನಲ್ಲಿ ಫ್ರಿಜ್, ಏಸಿ ಮಾರಾಟಕ್ಕೆ ಹಾಕುವವರು ಇನ್ನು ಮುಂದೆ ವಿವರ ಪೂರ್ತಿ ಬರೆಯಬೇಕು.

ಕಳೆದ ವರ್ಷ ನಾನು “10 ವರ್ಷ ವಾರಂಟಿ” ಎಂದು ನಂಬಿ ಒಂದೂವರೆ ಟನ್‌ನ ಹಳೆ ಏಸಿ ಕೊಂಡೆ. ಎರಡೇ ತಿಂಗಳಿಗೆ ತಂಪು ನಿಂತಿತು. ಮೆಕ್ಯಾನಿಕ್ ಹೊರಗಿನ ಯೂನಿಟ್‌ನ ಕಾಯಿಲ್‌ಗೆ ಸೋಪಿನ ನೀರು ಹಚ್ಚಿದಾಗ ಒಂದು ಕಡೆ ಗುಳ್ಳೆ ಎದ್ದಿತು. ಕಡಲ ಉಪ್ಪುಗಾಳಿಗೆ ಕಾಯಿಲ್ ತೂತಾಗಿ ಗ್ಯಾಸ್ ಸೋರಿತ್ತು. ಕಂಪ್ರೆಸರ್ ಚೆನ್ನಾಗಿಯೇ ಇತ್ತು, ವಾರಂಟಿ ಇದ್ದದ್ದೂ ಅದಕ್ಕೊಂದಕ್ಕೇ. ಕಾಯಿಲ್, ಗ್ಯಾಸ್, ಕೂಲಿ ಎಲ್ಲ ನನ್ನ ಕೈಯಿಂದಲೇ ಹೋಯಿತು.

ಆದ್ದರಿಂದ ಇಡೀ ಯಂತ್ರದ ವಾರಂಟಿ ಎಷ್ಟು, ಕಂಪ್ರೆಸರ್‌ನದ್ದು ಎಷ್ಟು ಎಂದು ಬೇರೆಬೇರೆ ಬರೆಯಿರಿ. ಕೊಂಡ ತಾರೀಕು, ಬಿಲ್ ಇದೆಯೋ ಇಲ್ಲವೋ ತಿಳಿಸಿ. ಕಾಯಿಲ್ ತಾಮ್ರದ್ದೋ ಅಲ್ಯೂಮಿನಿಯಂದೋ ಹೇಳಿ, ಅದರ ಹತ್ತಿರದ ಫೋಟೋ ಹಾಕಿ.

“5 ಸ್ಟಾರ್” ಎಂದಷ್ಟೇ ಸಾಲದು. ಸ್ಟಾರ್ ಲೆಕ್ಕ ಆಗಾಗ ಬಿಗಿಯಾಗುತ್ತದೆ, ಹಳೆಯ 5 ಸ್ಟಾರ್ ಇಂದಿನ ಲೆಕ್ಕಕ್ಕೆ ಕಡಿಮೆಯಾಗಬಹುದು. ಲೇಬಲ್‌ನ ಫೋಟೋದಲ್ಲಿ ಅವಧಿ, ವರ್ಷಕ್ಕೆ ತಗಲುವ ಯೂನಿಟ್ ಎರಡೂ ಕಾಣಲಿ. ಏಸಿಗೆ ಆ ಯೂನಿಟ್ ವರ್ಷಕ್ಕೆ 1600 ತಾಸು ಓಡಿಸುವ ಲೆಕ್ಕದ್ದು. ನಮ್ಮ ಸೆಕೆಗೆ ಹೆಚ್ಚು ಓಡಿಸಿದರೆ ಬಿಲ್ಲೂ ಹೆಚ್ಚು.

ಏಸಿಗೆ ಟನ್, ಫ್ರಿಜ್‌ಗೆ ಲೀಟರ್ ಬರೆಯಿರಿ. ಸ್ಟ್ಯಾಂಡ್, ಪೈಪ್ ಜೊತೆಗೆ ಬರುತ್ತದೆಯೇ, ಪೈಪ್ ಎಷ್ಟು ಅಡಿ, ಬಿಚ್ಚಿ ಕೂರಿಸುವ ಖರ್ಚು ಯಾರದು ಎಂಬುದೂ ಇರಲಿ.

ಈಗಾಗಲೇ ಹಾಕಿದವರು ಭಾನುವಾರ ಸಂಜೆಯೊಳಗೆ ತಿದ್ದಿ ಮತ್ತೆ ಹಾಕಿ. ಓದಿದವರು ದಯವಿಟ್ಟು “ಸರಿ” ಎಂದು ಉತ್ತರಿಸಿ.