ವಿಷಯ: ವೆಟ್ ರೈಸರ್ ಪರೀಕ್ಷೆ ಸರಿಯಾಗಿ ಮಾಡದೆ ‘ಎಲ್ಲ ಸರಿ’ ಎಂದು ವರದಿ ಕೊಟ್ಟಿರುವ ಬಗ್ಗೆ

ಇವರಿಗೆ,
ಸರ್ವಿಸ್ ಮ್ಯಾನೇಜರ್,
ಅಗ್ನಿಶಾಮಕ ವ್ಯವಸ್ಥೆ ನಿರ್ವಹಣೆ ವಿಭಾಗ

ಮಾನ್ಯರೇ,

ನಮ್ಮದು ಬೆಂಗಳೂರಿನ 14 ಮಹಡಿಯ ಅಪಾರ್ಟ್‌ಮೆಂಟ್. ಬೆಂಕಿ ಆರಿಸಲು ಸದಾ ನೀರು ತುಂಬಿರುವ ಇಲ್ಲಿನ ಪೈಪ್, ಅಂದರೆ ವೆಟ್ ರೈಸರ್, ಮತ್ತು ಹೋಸ್ ರೀಲ್‌ಗಳ ವಾರ್ಷಿಕ ನಿರ್ವಹಣೆ ಗುತ್ತಿಗೆ ನಿಮ್ಮದು. ಈ ಸಲದ ವರದಿಯಲ್ಲಿ ‘ಪ್ರೆಷರ್ 7 ಕೆಜಿ, ಎಲ್ಲ ಸರಿ’ ಎಂದಿದೆ. ಆ 7 ಕೆಜಿ ಓದಿದ್ದು ಬೇಸ್‌ಮೆಂಟಿನ ಪಂಪ್ ರೂಮಿನಲ್ಲಿ, ಎಲ್ಲ ವಾಲ್ವ್ ಮುಚ್ಚಿದ್ದಾಗ. ನೀರು 10 ಮೀಟರ್ ಮೇಲೇರಿದರೆ ಸುಮಾರು 1 ಕೆಜಿ ಪ್ರೆಷರ್ ಕಡಿಮೆಯಾಗುತ್ತದೆ. ಪಂಪ್ ರೂಮಿನಿಂದ ಟೆರೇಸ್ 42 ಮೀಟರ್ ಎತ್ತರದಲ್ಲಿದೆ. ಅಂದರೆ ಮೇಲೆ ಉಳಿಯುವುದು 2.8 ಕೆಜಿ, ಅದೂ ನೀರು ನಿಂತಿರುವಾಗ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಕೇಳುವುದು ತುದಿಯ ಹೈಡ್ರಂಟ್‌ನಲ್ಲಿ 3.5 ಕೆಜಿ. ಅದನ್ನು ನೀರು ಹರಿಯುತ್ತಿರುವಾಗ ಅಲ್ಲೇ ನೋಡಬೇಕು. ಕೆಳಗಿನ ಗೇಜ್ ನೋಡಿ ಹೇಳಲು ಆಗುವುದಿಲ್ಲ, ಅಲ್ವಾ?

ಹಾಗಾಗಿ ನಿಮ್ಮ ಟೆಕ್ನೀಷಿಯನ್ ಎದುರೇ ಟೆರೇಸ್ ಹೈಡ್ರಂಟ್‌ಗೆ ಗೇಜ್ ಕಟ್ಟಿ, ಹೋಸ್ ಜೋಡಿಸಿ, ವಾಲ್ವ್ ತೆರೆಸಿದೆವು. ಮುಳ್ಳು ಸರಸರನೆ ಇಳಿದು 1 ಕೆಜಿಗಿಂತ ಕೆಳಗೆ ಹೋಯಿತು. ಪಂಪ್ ರೂಮಿನಲ್ಲಿ ನೋಡಿದರೆ ಓಡುತ್ತಿದ್ದುದು ಜಾಕಿ ಪಂಪ್ ಮಾತ್ರ. ಅದಿರುವುದು ಸಣ್ಣಪುಟ್ಟ ಸೋರಿಕೆ ತುಂಬಲು, ಬೆಂಕಿ ಆರಿಸಲು ಅಲ್ಲ. ಪ್ರೆಷರ್ ಬಿದ್ದ ಕೂಡಲೇ ಮುಖ್ಯ ಪಂಪ್ ತಾನಾಗಿ ಶುರುವಾಗಬೇಕಿತ್ತು. ಅದರ ಸ್ವಿಚ್ ‘ಮ್ಯಾನುಯಲ್’ನಲ್ಲಿತ್ತು! ‘ಆಟೋ’ಗೆ ತಿರುಗಿಸಿದ ತಕ್ಷಣ ಪಂಪ್ ಹಿಡಿಯಿತು, ಮೇಲೆ ನೀರು ಹರಿಯುತ್ತಿದ್ದಾಗಲೇ 3.8 ಕೆಜಿ ಬಂತು. ಪಂಪ್ ಚೆನ್ನಾಗಿಯೇ ಇದೆ, ಕೆಟ್ಟಿರುವುದು ನಿಮ್ಮ ಪರೀಕ್ಷೆ.

ಇದಕ್ಕೆ ನಿಮ್ಮ ಟೆಕ್ನೀಷಿಯನ್, ‘ಫೈರ್ ಎಂಜಿನ್ ಬಂದು ಪಂಪ್ ಮಾಡ್ತಾರೆ ಬಿಡಿ ಸಾರ್’ ಎಂದರು. ಅದು ಡ್ರೈ ರೈಸರ್‌ನ ಮಾತು. ಅದರಲ್ಲಿ ಪೈಪ್ ಖಾಲಿ ಇರುತ್ತದೆ, ಎಂಜಿನ್ ಬಂದು ಕೆಳಗಿನಿಂದ ನೀರು ತುಂಬಬೇಕು. ನಮ್ಮದರಲ್ಲಿ ನೀರು ಸದಾ ತಯಾರಿರಬೇಕು. ಗೇಟ್ ಬಳಿ ಎಂಜಿನ್‌ನವರು ಹೋಸ್ ಜೋಡಿಸುವ ಇನ್‌ಲೆಟ್ ನಮಗೂ ಇದೆ ನಿಜ, ಆದರೆ ಅದು ಹೆಚ್ಚುವರಿ ಅನುಕೂಲ. ಅದರ ಮುಚ್ಚಳ ತೆಗೆಸಿದಾಗ ಒಳಗೆ ಮಣ್ಣು, ಗುಟ್ಕಾ ಪೊಟ್ಟಣ ಸಿಕ್ಕವು. ಎಂಜಿನ್ ಬಂದಿದ್ದರೂ ಏನು ಮಾಡಬೇಕಿತ್ತು?

ಹೋಸ್ ರೀಲ್ ಕಥೆಯೂ ಅಷ್ಟೇ. ಫೈರ್‌ಮನ್ ಬರುವ ಮೊದಲು ನಿವಾಸಿಗಳು ಬಳಸುವುದು ಅದನ್ನೇ. 9ನೇ ಮಹಡಿಯಲ್ಲಿ ಪೂರ್ತಿ ಎಳೆದು ನೀರು ಬಿಟ್ಟರೆ, ಡ್ರಮ್‌ಗೆ ಅಂಟಿಕೊಂಡಿದ್ದ ಒಳಸುತ್ತಿನಲ್ಲಿ ಹೋಸ್ ಸೀಳಿತ್ತು. ಹೊರಗಿನ ಎರಡು ಸುತ್ತು ಒರೆಸಿ ಸ್ಟಿಕರ್ ಅಂಟಿಸಿದರೆ ಇದು ಗೊತ್ತಾಗುವುದಿಲ್ಲ.

ಏಳು ದಿನದೊಳಗೆ ನಮ್ಮವರ ಎದುರು ಪರೀಕ್ಷೆ ಮತ್ತೆ ಆಗಬೇಕು. ನೀರು ಹರಿಯುವಾಗಿನ ಟೆರೇಸ್ ಪ್ರೆಷರ್, ಯಾವ ಪ್ರೆಷರ್‌ನಲ್ಲಿ ಮುಖ್ಯ ಪಂಪ್ ತಾನಾಗಿ ಹಿಡಿಯಿತು ಎಂಬುದು ವರದಿಯಲ್ಲಿರಲಿ. ಪ್ರತಿ ರೀಲನ್ನೂ ಪೂರ್ತಿ ಬಿಚ್ಚಿ ನೋಡಿ, 9ನೇ ಮಹಡಿಯ ಹೋಸ್ ಬದಲಿಸಿ, ಇನ್‌ಲೆಟ್ ಸ್ವಚ್ಛ ಮಾಡಿ. ಅಲ್ಲಿಯವರೆಗೆ ಈ ತ್ರೈಮಾಸಿಕದ ಬಿಲ್ ತಡೆಹಿಡಿದಿದ್ದೇವೆ. ಹಳೆಯ ವರದಿಯನ್ನು ಲಿಖಿತವಾಗಿ ಹಿಂಪಡೆಯಿರಿ.

ಇಂತಿ,
ಕಾರ್ಯದರ್ಶಿ,
ನಿವಾಸಿಗಳ ಸಂಘ