ಫ್ಯಾನಿನ ಲೆಕ್ಕ ಪೂರ್ತಿ ಹೇಳಿ

ಮಾನ್ಯ ಸಂಪಾದಕರೆ,

ಕಡಿಮೆ ಕರೆಂಟ್ ಎಳೆಯುವ ಬಿ.ಎಲ್.ಡಿ.ಸಿ. ಫ್ಯಾನ್ ಹಾಕಿಸಿದರೆ ಒಂದೇ ವರ್ಷದಲ್ಲಿ ದುಡ್ಡು ವಾಪಸ್ ಬರುತ್ತದೆ ಎಂದು ವಿದ್ಯುತ್ ಅಧಿಕಾರಿಗಳು ಹೇಳಿದ್ದನ್ನು ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಓದಿ ಸಿಟ್ಟು ಬಂತು. ಮಾತು ಸುಳ್ಳಲ್ಲ, ಆದರೆ ಅರ್ಧ. ಆ ಅರ್ಧ ಮಾತು ನಂಬಿ ಮೂರು ಸಾವಿರ ಸುರಿಯುವವರು ಬಡವರು.

ಸಾದಾ ಫ್ಯಾನ್ ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿ.ಎಲ್.ಡಿ.ಸಿ. ಸುಮಾರು 30. ಉಳಿಯುವುದು 45 ವ್ಯಾಟ್, ಅಂದರೆ 22 ತಾಸು ತಿರುಗಿದರೆ ಒಂದು ಯೂನಿಟ್. ದಿನಕ್ಕೆ 14 ತಾಸಿನಂತೆ ವರ್ಷಕ್ಕೆ 300 ದಿನ ಓಡಿದರೆ 189 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಸುಮಾರು 1,130 ರೂಪಾಯಿ. ಸಾದಾ ಫ್ಯಾನಿಗೆ 1,600, ಇದಕ್ಕೆ 2,900 ಎಂದುಕೊಳ್ಳಿ. ಹೊಸ ಮನೆಗೆ ಹೇಗೂ ಫ್ಯಾನ್ ಕೊಳ್ಳುವವರಿಗೆ ಹೆಚ್ಚಿನ 1,300 ರೂಪಾಯಿ ವರ್ಷದ ಮೇಲೆ ಎರಡು ತಿಂಗಳಲ್ಲಿ ಮುಟ್ಟುತ್ತದೆ. ಚೆನ್ನಾಗಿ ತಿರುಗುತ್ತಿರುವ ಹಳೆಯದನ್ನು ಇಳಿಸಿ ಹಾಕುವವರಿಗೆ ಪೂರ್ತಿ 2,900 ಖರ್ಚು, ಅದು ಮುಟ್ಟಲು ಎರಡೂವರೆ ವರ್ಷ ಬೇಕು. ದಿನಕ್ಕೆ ಎರಡು ತಾಸು ತಿರುಗುವ ದೇವರ ಕೋಣೆಯ ಫ್ಯಾನನ್ನು ಬದಲಿಸಿದರೆ ಹದಿನೆಂಟು ವರ್ಷ! ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇಟ್ಟು ಮೂರರಲ್ಲೇ ಓಡಿಸುವವರ ಸಾದಾ ಫ್ಯಾನ್ ಮೊದಲೇ ಕಡಿಮೆ ಎಳೆಯುವುದರಿಂದ ಅವರಿಗೆ ಉಳಿತಾಯವೂ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಅಧಿಕಾರಿಗಳು ಬಾಯಿ ಬಿಡದ ಸಂಗತಿ ಗೃಹಜ್ಯೋತಿಯದು. 2022-23ರ ಸರಾಸರಿ ಬಳಕೆ 100 ಯೂನಿಟ್ ಇದ್ದ ಮನೆಗೆ ಶೇ 10 ಸೇರಿಸಿ 110 ಯೂನಿಟ್ ಉಚಿತ. ಆ ಮನೆಯಲ್ಲಿ ತಿಂಗಳಿಗೆ 105 ಉರಿಯುತ್ತಿದ್ದರೆ ಹೊಸ ಫ್ಯಾನಿನಿಂದ ಒಂದು ಪೈಸೆಯೂ ಉಳಿಯದು, ಉಳಿದರೆ ಸರ್ಕಾರಕ್ಕೆ ಉಳಿಯಿತು. ಅದೇ ಮನೆ ಮೇ ತಿಂಗಳ ಬಿಸಿಲಿಗೆ 225 ಮುಟ್ಟಿತು ಅನ್ನಿ. 200 ದಾಟಿದ್ದರಿಂದ ಇಡೀ ಬಿಲ್ಲು ತಲೆಗೆ, ಬರೀ ಯೂನಿಟ್ಟಿನದೇ 1,350 ರೂಪಾಯಿ. ಆ ತಿಂಗಳು ಹಗಲು ರಾತ್ರಿ 22 ತಾಸು ತಿರುಗುವ ಒಂದು ಫ್ಯಾನ್ ಬದಲಿಸಿದ್ದರೆ 30 ಯೂನಿಟ್ ಇಳಿದು 195ಕ್ಕೆ ನಿಲ್ಲುತ್ತಿತ್ತು. ಆಗ ಕಟ್ಟಬೇಕಾದದ್ದು 110ರ ಮೇಲಿನ 85 ಯೂನಿಟ್ಟಿಗೆ, 510 ರೂಪಾಯಿ. ಒಂದೇ ತಿಂಗಳಲ್ಲಿ 840 ರೂಪಾಯಿ ಉಳಿತಾಯ! ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಏಪ್ರಿಲ್, ಮೇ ತಿಂಗಳ ಹಳೆಯ ಬಿಲ್ಲು ತೆಗೆದು ಉಚಿತದ ಮಿತಿ ಎಷ್ಟು, ಉರಿದದ್ದು ಎಷ್ಟು ನೋಡಬೇಕು. ಇದನ್ನು ಜನರಿಗೆ ಯಾರು ಹೇಳಬೇಕು?

ಇನ್ನು ವೋಲ್ಟೇಜ್. ಸಾದಾ ಫ್ಯಾನ್ ನಿಧಾನವಾದರೆ ಹೆಚ್ಚಿನ ಸಲ 2.5 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಬದಲಿಸಿದರೆ ಮುಗಿಯಿತು, ನೂರು ರೂಪಾಯಿಯೊಳಗಿನ ಕೆಲಸ. ಬಿ.ಎಲ್.ಡಿ.ಸಿ.ಯೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಕಡಿಮೆ ವೋಲ್ಟೇಜಿನಲ್ಲೂ ಅದು ಸಮನಾಗಿ ತಿರುಗಿಸುತ್ತದೆ, ಆ ಗುಣ ಒಪ್ಪಬೇಕು. ಆದರೆ ಕಂಬದಲ್ಲಿ ನ್ಯೂಟ್ರಲ್ ಕಡಿದು 230ರ ಜಾಗದಲ್ಲಿ 300ರ ಮೇಲೆ ನುಗ್ಗಿದರೆ ಮೊದಲು ಸುಡುವುದು ಅದೇ. ಬಲ್ಬು ಒಮ್ಮೆಲೇ ಕಣ್ಣು ಕುಕ್ಕುವಷ್ಟು ಉರಿದರೆ ತಡಮಾಡದೆ ಮೇನ್ ಇಳಿಸಬೇಕು. ವಾರಂಟಿ ಮುಗಿದ ಮೇಲೆ ಹೊಸ ಬೋರ್ಡಿಗೆ 800 ರೂಪಾಯಿ ಕೊಟ್ಟರೆ ಎಂಟು ತಿಂಗಳ ಉಳಿತಾಯ ಹೋಯಿತು. ವಾರಂಟಿ ಒಳಗಿದ್ದರೂ ವೋಲ್ಟೇಜಿನಿಂದ ಸುಟ್ಟದ್ದು ಸೇರುತ್ತದೆಯೇ ಎಂದು ಕಾರ್ಡಿನಲ್ಲಿ ಓದಿಕೊಳ್ಳಿ. ಗೋಡೆಯ ಹಳೆಯ ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್ಚಿಗೆ ಕೊಡಿಸಬೇಕು. ಹಾಗೇ ಬಿಟ್ಟರೆ ಫ್ಯಾನ್ ಗುಂಯ್‌ಗುಡುತ್ತದೆ, ಬೋರ್ಡೂ ಬೇಗ ಕೆಡುತ್ತದೆ.

ನಮ್ಮ ಶಹಾಬಜಾರ ಭಾಗದಲ್ಲಿ ಸಂಜೆಯಾದರೆ ಲೈಟು ಮಿಣುಕುತ್ತದೆ, ಗಾಳಿ ಬೀಸಿದರೆ ತಂತಿ ತಂತಿ ತಾಗಿ ಕಿಡಿ ಹಾರುತ್ತದೆ, ಮಧ್ಯಾಹ್ನದ ಉರಿ ಬಿಸಿಲಲ್ಲಿ ಕರೆಂಟೇ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಮೇಲಿನ ಹೊರೆ ಇಳಿಸಿರಿ, ಸಡಿಲ ನ್ಯೂಟ್ರಲ್ ಬಿಗಿಸಿರಿ ಎಂದು ವರ್ಷಗಳಿಂದ ಅರ್ಜಿ ಕೊಡುತ್ತಲೇ ಬಂದಿದ್ದೇವೆ. ಫೋನ್ ಎತ್ತುವವರಿಲ್ಲ, ಎತ್ತಿದರೆ ಲೈನ್‌ಮನ್ ಇನ್ನೊಂದು ಕಡೆ ಹೋಗಿದ್ದಾನೆ ಎಂಬ ಉತ್ತರ. ಮಳೆಗಾಲಕ್ಕೆ ಮುಂಚೆ ಕಡಿಯಬೇಕಾದ ಟೊಂಗೆಗಳು ಮಳೆ ಬಂದ ಮೇಲೂ ತಂತಿಯ ಮೇಲೇ ಇರುತ್ತವೆ. ಇಂಥ ಲೈನ್ ಕೊಟ್ಟು ನಾಜೂಕು ಬೋರ್ಡಿನ ಫ್ಯಾನ್ ಕೊಳ್ಳಿರಿ ಎಂದು ಉಪದೇಶ ಮಾಡಲು ನಾಚಿಕೆಯಾಗಬೇಕು.

ಮೊದಲು ನ್ಯೂಟ್ರಲ್ ಸರಿಮಾಡಲಿ, ಇಲ್ಲವೇ ಸುಟ್ಟ ಬೋರ್ಡಿನ ದುಡ್ಡು ತಾವೇ ಕೊಡಲಿ. ಗೃಹಜ್ಯೋತಿ ಮನೆಗಳಿಗೆ ಪೂರ್ತಿ ಲೆಕ್ಕ ಬಿಲ್ಲಿನ ಹಿಂದೆಯೇ ಅಚ್ಚು ಹಾಕಿಸಲಿ. ಮೇಲಿನವರು ಒಮ್ಮೆ ಇಲ್ಲಿಗೆ ಬಂದು ಸಂಜೆ ಏಳಕ್ಕೆ ಮೀಟರ್ ಹಿಡಿದು ವೋಲ್ಟೇಜ್ ನೋಡಲಿ.

— ಒಬ್ಬ ಗ್ರಾಹಕ, ಶಹಾಬಜಾರ, ಕಲಬುರಗಿ