ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ನಿಮ್ಮ ಟಿಕೆಟ್ಟಿನಲ್ಲಿ ಇನ್ನೊಂದು

ಹಾಸನ

ಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು,
ವಿಮಾನ ಟಿಕೆಟ್ ಬುಕಿಂಗ್ ಆ್ಯಪ್

ವಿಷಯ: ಅಂತರರಾಷ್ಟ್ರೀಯ ಟಿಕೆಟ್ಟಿನಲ್ಲಿ ನನ್ನ ತಾಯಿಯ ಹೆಸರು ತಪ್ಪಾಗಿ ಹೋದದ್ದು, ಅದನ್ನು ತಿದ್ದಲು ನೀವು ಪಡೆದ 4,500 ರೂಪಾಯಿ, ಮತ್ತು ನಿಮ್ಮ ಫಾರಂ

ಮಾನ್ಯರೇ,

ನನ್ನ ತಂಗಿ ಅಮೆರಿಕದ ಡಲ್ಲಾಸಿನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಮ್ಮನನ್ನು ಕಳಿಸಬೇಕಿತ್ತು. ನಿಮ್ಮ ಆ್ಯಪ್‌ನಲ್ಲಿ 94,600 ರೂಪಾಯಿ ಕಟ್ಟಿ ಬೆಂಗಳೂರಿನಿಂದ ಡಲ್ಲಾಸಿಗೆ ಟಿಕೆಟ್ ಮಾಡಿದೆ. ಅಮ್ಮ ಈಗ ಅಲ್ಲಿ ಸುಖವಾಗಿ ತಲುಪಿದ್ದಾರೆ, ಮಗುವಿಗೆ ಎಣ್ಣೆ ನೀರು ಹಾಕುತ್ತಿದ್ದಾರೆ. ಹಾಗಾಗಿ ಕೋಪ ಸ್ವಲ್ಪ ಇಳಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಆದರೆ ಟಿಕೆಟ್ ಮಾಡಿದ ಮೇಲಿನ ಆರು ದಿನ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ.

ಮೊದಲು ಅಮ್ಮನ ಹೆಸರಿನ ವಿಷಯ. ಊರಿನಲ್ಲಿ, ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ಎಲ್ಲಾ ಕಡೆ ಅವರು ಬಿ. ಎಸ್. ನಾಗರತ್ನಮ್ಮ. ಬಿ ಅಂದರೆ ಬೇಲೂರು, ಎಸ್ ಅಂದರೆ ಅವರ ತಂದೆ ಶ್ರೀನಿವಾಸಯ್ಯ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಇನ್ನು ಸರ್‌ನೇಮ್ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕಿದೆ ಹೇಳಿ? ಹಾಗಾಗಿ ಅವರ ಪಾಸ್‌ಪೋರ್ಟ್ ಹೀಗಿದೆ:

```
Surname:       (ಖಾಲಿ)
Given Name(s): BELUR SRINIVASAIAH NAGARATHNAMMA
```

ಅಮೆರಿಕದ ವೀಸಾದಲ್ಲಿ ಇದು ಇನ್ನೊಂದು ವೇಷ ಹಾಕುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದಿದ್ದರೆ ಅವರು ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಗಿವನ್ ನೇಮ್ ಜಾಗದಲ್ಲಿ FNU ಎಂದು ಹಾಕುತ್ತಾರೆ. ‘ಮೊದಲ ಹೆಸರು ಗೊತ್ತಿಲ್ಲ’ ಎನ್ನುವುದಕ್ಕೆ ಅದು ಗುರುತು. ವೀಸಾ ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಈ ಎಫ್ ಎನ್ ಯು ಯಾರೋ?" ಅಂದಿದ್ದರು. ಎಲ್ಲರೂ ನಕ್ಕಿದ್ದೆವು.

ಈಗ ನಿಮ್ಮ ಆ್ಯಪ್‌ಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಅಮ್ಮನ ಕಾಶಿ ಯಾತ್ರೆಗೆ ಬೆಂಗಳೂರಿನಿಂದ ವಾರಾಣಸಿಗೆ ನಿಮ್ಮಲ್ಲೇ ಟಿಕೆಟ್ ಮಾಡಿದ್ದೆ. ದೇಶದೊಳಗಿನ ಪ್ರಯಾಣಕ್ಕೆ ಆಧಾರ್ ಸಾಕು, ಆಧಾರ್‌ನಲ್ಲಿ ಇದ್ದ ಹಾಗೆ ಮೊದಲ ಹೆಸರು B S, ಕೊನೆಯ ಹೆಸರು Nagarathnamma ಎಂದು ಹಾಕಿದ್ದೆ. ನಿಮ್ಮ ಆ್ಯಪ್ ಅದನ್ನು ಉಳಿಸಿಟ್ಟುಕೊಂಡಿತ್ತು. ಈ ಸಲ ಡಲ್ಲಾಸ್ ಟಿಕೆಟ್ ಮಾಡುವಾಗ ಪ್ರಯಾಣಿಕರ ಪಟ್ಟಿಯಲ್ಲಿ ಅಮ್ಮನ ಹೆಸರಿನ ಮುಂದೆ ಟಿಕ್ ಹಾಕಿದೆ ಅಷ್ಟೇ, ಎಲ್ಲಾ ತಾನೇ ತುಂಬಿಕೊಂಡಿತು. ಅದೇ ಪುಟದಲ್ಲಿ ಪಾಸ್‌ಪೋರ್ಟ್ ನಂಬರ್ ಕೇಳಿತು, ಅವಧಿ ಮುಗಿಯುವ ತಾರೀಕು ಕೇಳಿತು, ಅದನ್ನೆಲ್ಲ ನಾನು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ತುಂಬಿದೆ. ಹೆಸರು ಮಾತ್ರ ಕಾಶಿಯದ್ದು. ಅದನ್ನು ಓದದೆ ಮುಂದೆ ಹೋದದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಪಾಸ್‌ಪೋರ್ಟ್ ನಂಬರ್ ಹೊಸದಾಗಿ ಕೇಳುವ ಫಾರಂ ಹೆಸರನ್ನು ಹಳೆಯ ಗಂಟಿನಿಂದ ತೆಗೆದು ಹಾಕುವುದು ಯಾವ ನ್ಯಾಯ?

ಮರುದಿನ ಬೆಳಿಗ್ಗೆ ಇ-ಟಿಕೆಟ್ ನೋಡಿದರೆ ಹೀಗಿತ್ತು:

```
NAGARATHNAMMA/BSMRS
```

ಮೊದಲಿಗೆ ನನಗೆ ಅರ್ಥವೇ ಆಗಲಿಲ್ಲ. BSMRS ಅಂತ ಯಾವ ಹೆಸರು? ತಂಗಿ ಫೋನಿನಲ್ಲಿ ಬಿಡಿಸಿ ಹೇಳಿದಳು. ಟಿಕೆಟ್ಟಿನಲ್ಲಿ ಮೊದಲು ಕೊನೆಯ ಹೆಸರು, ಒಂದು ಓರೆಗೆರೆ, ಆಮೇಲೆ ಮೊದಲ ಹೆಸರು, ಅದರ ಬಾಲಕ್ಕೆ ಅಂಟಿಕೊಂಡು MR, MRS ಇತ್ಯಾದಿ. ನಡುವಿನ ಜಾಗವನ್ನು ಕಂಪ್ಯೂಟರ್ ನುಂಗಿಬಿಡುತ್ತದೆ. ಈ MRS ಅಂಟಿಕೊಂಡದ್ದು ತಪ್ಪಲ್ಲ, ಎಲ್ಲರ ಟಿಕೆಟ್ಟಿನಲ್ಲೂ ಹಾಗೇ ಬರುತ್ತದೆ, ಅದನ್ನು ಯಾರೂ ಹೆಸರು ಅಂತ ಲೆಕ್ಕ ಹಿಡಿಯುವುದಿಲ್ಲ. ತೊಂದರೆ ಇದ್ದದ್ದು ಅದರ ಹಿಂದಿನ B ಮತ್ತು S ಅಕ್ಷರಗಳಲ್ಲಿ. ಪಾಸ್‌ಪೋರ್ಟಿನಲ್ಲಿ ಬಿ ಇಲ್ಲ, ಎಸ್ ಇಲ್ಲ. ಬೇಲೂರು ಇದೆ, ಶ್ರೀನಿವಾಸಯ್ಯ ಇದ್ದಾರೆ.

ಬೇರೆ ದೇಶಕ್ಕೆ ಹೋಗುವಾಗ ಹೇಗೋ, ಅಮೆರಿಕಕ್ಕೆ ಹೋಗುವಾಗ ಇದು ಸಣ್ಣ ವಿಷಯ ಅಲ್ಲ. ಅಲ್ಲಿನ ಸೆಕ್ಯೂರ್ ಫ್ಲೈಟ್ ನಿಯಮದಂತೆ ವಿಮಾನ ಕಂಪನಿಯು ಪ್ರಯಾಣಿಕರ ಪೂರ್ತಿ ಹೆಸರು, ಹುಟ್ಟಿದ ತಾರೀಕು, ಲಿಂಗ ಇಷ್ಟನ್ನೂ ಅಲ್ಲಿನ ಭದ್ರತಾ ಇಲಾಖೆಗೆ ಮೊದಲೇ ಕಳಿಸಬೇಕು. ಹೊರಡುವ 72 ಗಂಟೆ ಮುಂಚಿನಿಂದಲೇ ಆ ಪರಿಶೀಲನೆ ಶುರುವಾಗುತ್ತದೆ. ಹೆಸರು ಹೊಂದದಿದ್ದರೆ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಬರುವುದೇ ಅನುಮಾನ. ಅರವತ್ತೆಂಟು ವರ್ಷದ, ಇಂಗ್ಲಿಷ್ ಬಾರದ ಹೆಂಗಸು ರಾತ್ರಿ ಎರಡು ಗಂಟೆಗೆ ಆ ಕೌಂಟರಿನ ಮುಂದೆ ನಿಂತು ಏನು ಹೇಳಬೇಕಿತ್ತು?

ಟಿಕೆಟ್ ಮಾಡಿದ್ದು ಶನಿವಾರ ರಾತ್ರಿ ಹತ್ತೂವರೆಗೆ. ನಿಮಗೆ ತಿಳಿಸಿದ್ದು ಭಾನುವಾರ ಬೆಳಿಗ್ಗೆ ಎಂಟಕ್ಕೆ. ಅಂದರೆ ಹತ್ತು ಗಂಟೆಯೊಳಗೆ. ನಿಮ್ಮ ಚಾಟ್‌ನಲ್ಲಿ ಬಂದ ಉತ್ತರ: "ಹೆಸರು ಬದಲಾವಣೆಗೆ ಅವಕಾಶ ಇಲ್ಲ, ಕ್ಯಾನ್ಸಲ್ ಮಾಡಿ ಹೊಸ ಟಿಕೆಟ್ ಮಾಡಿಕೊಳ್ಳಿ." ಕ್ಯಾನ್ಸಲ್ ಮಾಡಿದರೆ 31,000 ರೂಪಾಯಿ ಹೋಗುತ್ತಿತ್ತು. ವಿಮಾನ ಕಂಪನಿಗೆ ಫೋನ್ ಮಾಡಿದರೆ, "ಇದು ಏಜೆಂಟ್ ಮಾಡಿದ ಟಿಕೆಟ್, ಏಜೆಂಟೇ ತಿದ್ದಿಸಬೇಕು" ಅಂದರು. ನಿಮಗೆ ಮತ್ತೆ ಹೇಳಿದರೆ, "ಕಂಪನಿ ಒಪ್ಪಿಗೆ ಕೊಟ್ಟರೆ ಮಾಡುತ್ತೇವೆ." ನಾಲ್ಕು ದಿನ ನನ್ನನ್ನು ಚೆಂಡು ಮಾಡಿ ಇಬ್ಬರೂ ಆಡಿದಿರಿ. ಪ್ರತಿ ಸಲವೂ ಹೊಸ ಹುಡುಗ, ಪ್ರತಿ ಸಲವೂ ಬೇಲೂರಿನ ಸ್ಪೆಲ್ಲಿಂಗ್ ಮೊದಲಿನಿಂದ.

ಬುಧವಾರ ಕಂಪನಿಯ ಒಬ್ಬ ಮೇಲ್ವಿಚಾರಕಿ ಸಿಕ್ಕರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡವರು ಅವರೊಬ್ಬರೇ. ಹೆಸರು ಬದಲಾವಣೆ ಬೇರೆ, ಹೆಸರು ತಿದ್ದುಪಡಿ ಬೇರೆ ಎಂದರು. ನನ್ನ ಟಿಕೆಟ್ಟಿನಲ್ಲಿ ಬೇರೆಯವರನ್ನು ಕೂರಿಸುವುದು ಬದಲಾವಣೆ, ಅದನ್ನು ಯಾರೂ ಒಪ್ಪುವುದಿಲ್ಲ. ಅದೇ ಪಾಸ್‌ಪೋರ್ಟ್ ನಂಬರ್, ಅದೇ ಹುಟ್ಟಿದ ತಾರೀಕು ಇರುವ ಅದೇ ಮನುಷ್ಯರ ಇನಿಷಿಯಲ್ ಬಿಡಿಸುವುದು ತಿದ್ದುಪಡಿ. ನಿಮ್ಮ ಕಡೆಯಿಂದ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಜೊತೆಗೆ ಒಂದು ಮನವಿ ಬಂದರೆ ಒಪ್ಪಿಗೆ ಕೊಡುತ್ತೇವೆ, ಆಮೇಲೆ ನೀವು ಟಿಕೆಟ್ ಮರು ನೀಡಬೇಕು, ಇಷ್ಟೇ ಕೆಲಸ ಎಂದರು. ಇದನ್ನು ಭಾನುವಾರವೇ ನಿಮ್ಮವರು ಹೇಳಬಹುದಿತ್ತು ಅಲ್ವಾ?

ನಿಮ್ಮವರು 4,500 ರೂಪಾಯಿ ಸೇವಾ ಶುಲ್ಕ ಕೇಳಿದರು, ಕೊಟ್ಟೆ. ಗುರುವಾರ ಸಂಜೆ ಹೊಸ ಟಿಕೆಟ್ ಬಂತು:

```
BELURSRINIVASAIAHNAGARATHNAMMA/MRS
```

ಈಗ ಮೊದಲ ಹೆಸರೇ ಇಲ್ಲ, ಆ ಜಾಗದಲ್ಲಿ ಬರೀ MRS ಕೂತಿದೆ. ಸರ್‌ನೇಮ್ ಖಾಲಿ ಇದ್ದಾಗ ಏನು ಮಾಡಬೇಕು ಎನ್ನುವುದಕ್ಕೆ ಎಲ್ಲಾ ಕಂಪನಿಗಳದ್ದೂ ಒಂದೇ ಪದ್ಧತಿ ಇಲ್ಲ. ಕೆಲವರು ಹೆಸರನ್ನೇ ಎರಡೂ ಡಬ್ಬಿಯಲ್ಲಿ ಹಾಕಿ ಅನ್ನುತ್ತಾರೆ, ಕೆಲವರು FNU ಹಾಕಿ ಅನ್ನುತ್ತಾರೆ. ಈ ಕಂಪನಿಯವರು ವೀಸಾದಲ್ಲಿ ಇರುವ ಹಾಗೆ FNU ಬೇಕು ಎಂದು ಒಪ್ಪಿಗೆ ಪತ್ರದಲ್ಲೇ ಬರೆದಿದ್ದರು. ನಿಮ್ಮವರು ಅದನ್ನು ಓದಿರಲಿಲ್ಲ. ಶುಕ್ರವಾರ ಮತ್ತೊಮ್ಮೆ ತಿದ್ದಿದ ಮೇಲೆ ಸರಿಯಾದದ್ದು ಬಂತು:

```
BELURSRINIVASAIAHNAGARATHNAMMA/FNUMRS
```

ಹೊರಡುವ ದಿನ ಇನ್ನೊಂದು ಗಾಬರಿ ಆಯಿತು. ಬೋರ್ಡಿಂಗ್ ಪಾಸಿನಲ್ಲಿ ಅಮ್ಮನ ಹೆಸರು ಪೂರ್ತಿ ಇರಲಿಲ್ಲ, ನಾಗರತ್ನಮ್ಮನ ಹತ್ತಿರ ಬಂದು ತುಂಡಾಗಿತ್ತು. ಕೌಂಟರಿನಲ್ಲಿದ್ದ ಹುಡುಗಿ ನಗುತ್ತಾ, "ಏನೂ ಆಗಲ್ಲ ಅಂಕಲ್, ಇದರಲ್ಲಿ ಜಾಗ ಇಷ್ಟೇ" ಅಂದಳು. ಬೋರ್ಡಿಂಗ್ ಪಾಸಿನ ಬಾರ್‌ಕೋಡಿನಲ್ಲಿ ಹೆಸರಿಗೆ ಇರುವುದು 20 ಅಕ್ಷರದ ಜಾಗವಂತೆ. ಉದ್ದ ಹೆಸರಿನ ಬಾಲ ಕತ್ತರಿಸಿ ಹೋಗುತ್ತದೆ. ಅದು ಯಂತ್ರ ಕತ್ತರಿಸಿದ್ದು, ಬುಕಿಂಗ್‌ನಲ್ಲಿ ಪೂರ್ತಿ ಹೆಸರು ಸರಿಯಾಗಿದ್ದರೆ ಸಾಕು. ಈ ಒಂದು ಸಾಲನ್ನು ನಿಮ್ಮ ಇ-ಟಿಕೆಟ್ಟಿನ ಕೆಳಗೆ ಅಚ್ಚು ಹಾಕಿದ್ದರೆ ನನ್ನ ಬಿಪಿ ಅವತ್ತು ಏರುತ್ತಿರಲಿಲ್ಲ.

ಈಗ ನಾನು ಕೇಳುವುದು. 4,500 ರೂಪಾಯಿ ವಾಪಸ್ ಕೊಡಿ. ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ನಿಯಮದಲ್ಲಿ ಅದೇ ವ್ಯಕ್ತಿಯ ಹೆಸರಿನ ತಪ್ಪನ್ನು 24 ಗಂಟೆಯೊಳಗೆ ತಿಳಿಸಿದರೆ ತಿದ್ದಲು ಶುಲ್ಕ ಇಲ್ಲ ಎಂದಿದೆ. ಅದು ವಿಮಾನ ಕಂಪನಿಯಲ್ಲೇ ನೇರವಾಗಿ ಮಾಡಿದ ಟಿಕೆಟ್ಟಿಗೆ, ನಮಗಲ್ಲ ಎಂದು ನಿಮ್ಮ ಹುಡುಗ ವಾದ ಮಾಡಿದ. ಸರಿ, ಅದನ್ನು ಹಿಡಿದು ಜಗಳ ಆಡುವುದಿಲ್ಲ. ನಾನು ಕೊಟ್ಟ ದುಡ್ಡು ಸೇವೆಗೆ, ಆ ಸೇವೆಯಲ್ಲಿ ನೀವು ಮೊದಲ ಸಲ ಮಾಡಿದ್ದೇ ತಪ್ಪು ಕೆಲಸ. ವಿಮಾನ ಕಂಪನಿ ಇದಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ, ಅದರ ಇಮೇಲ್ ಲಗತ್ತಿಸಿದ್ದೇನೆ.

ಜೊತೆಗೆ ಫಾರಂ ಸರಿ ಮಾಡಿ. ಹೊರದೇಶದ ಟಿಕೆಟ್ ಎಂದ ತಕ್ಷಣ ಉಳಿಸಿಟ್ಟ ಹೆಸರನ್ನು ತುಂಬುವುದು ನಿಲ್ಲಿಸಿ, ಪಾಸ್‌ಪೋರ್ಟ್ ನೋಡಿ ಹೊಸದಾಗಿ ಬರೆಯಿಸಿ. ಒಂದೇ ಅಕ್ಷರದ ಹೆಸರು ಬಂದರೆ, "ಪಾಸ್‌ಪೋರ್ಟಿನಲ್ಲೂ ಹೀಗೇ ಇದೆಯಾ?" ಎಂದು ಕೇಳಿ. ಕೊನೆಯ ಹೆಸರಿನ ಡಬ್ಬಿ ತುಂಬದೆ ನಿಮ್ಮ ಫಾರಂ ಮುಂದೆ ಹೋಗುವುದೇ ಇಲ್ಲ. ಅಲ್ಲಿ "ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ" ಎಂದು ಒಂದು ಟಿಕ್ ಕೊಟ್ಟು, ಆರಿಸಿದ ಕಂಪನಿಯ ಪದ್ಧತಿ ಏನು ಎಂದು ಅಲ್ಲೇ ತೋರಿಸಿ. ಯಾವ ಕಂಪನಿ ಎಂದು ಅಷ್ಟು ಹೊತ್ತಿಗೆ ನಿಮಗೆ ಗೊತ್ತಿರುತ್ತದಲ್ಲ. ಶ್ರೀಮತಿ, ಡಾಕ್ಟರ್ ಎಂಬುದನ್ನೆಲ್ಲ ಹೆಸರಿನ ಡಬ್ಬಿಯಲ್ಲಿ ಬರೆಯಬೇಡಿ ಎಂದೂ ಹೇಳಿ, ನಮ್ಮ ಭಾವ ಒಮ್ಮೆ ಹೀಗೇ DR ಎಂದು ಹಾಕಿ ಫಜೀತಿ ಪಟ್ಟಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ಕಟ್ಟುವ ಮುಂಚೆ ಟಿಕೆಟ್ಟಿನಲ್ಲಿ ಹೆಸರು ಹೇಗೆ ಅಚ್ಚಾಗುತ್ತದೋ ಆ ಸಾಲನ್ನು ಹಾಗೇ ದೊಡ್ಡದಾಗಿ ತೋರಿಸಿ. BSMRS ಎಂಬುದನ್ನು ಆ ಶನಿವಾರ ರಾತ್ರಿಯೇ ಕಂಡಿದ್ದರೆ ನಾನು ಖಂಡಿತ ನಿಲ್ಲುತ್ತಿದ್ದೆ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇದೇ ಕಾಗದಗಳನ್ನು ಕೊಡುತ್ತೇನೆ. ಅಮ್ಮ ಆರು ತಿಂಗಳ ನಂತರ ವಾಪಸ್ ಬರುತ್ತಾರೆ, ಆ ಟಿಕೆಟ್ಟೂ ಇದರಲ್ಲೇ ಸೇರಿದೆ. ಬರುವ ದಾರಿಯ ಬುಕಿಂಗ್‌ನಲ್ಲೂ ಹೆಸರು ತಿದ್ದಿದೆಯೇ ಎಂದು ನೋಡಿ, ಲಿಖಿತವಾಗಿ ತಿಳಿಸಿ. ಅದಕ್ಕೆ ಮಾತ್ರ ಹದಿನೈದು ದಿನ ತೆಗೆದುಕೊಳ್ಳಬೇಡಿ, ನಾಳೆಯೇ ಬೇಕು.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಮೂರೂ ಟಿಕೆಟ್ಟುಗಳು, ಚಾಟ್‌ನ ಚಿತ್ರಗಳು, ವಿಮಾನ ಕಂಪನಿಯ ಇಮೇಲ್, 4,500 ರೂಪಾಯಿಯ ರಸೀದಿ